ಎಲ್ಲಾ ಚೆನ್ನಾಗಿದೆ ಎಂಬ ಉತ್ತರಕ್ಕೆ ಎಷ್ಟು ಅಂಕ?

ನರ್ಸಿಂಗ್ ಕಾಲೇಜುಗಳ ಎಂ.ಎಸ್ಸಿ. ಪ್ರಬಂಧಗಳನ್ನು ಓದುತ್ತ ಬಂದವರಿಗೆ ಮೂರನೆಯ ಅಧ್ಯಾಯದ ಒಂದು ವಾಕ್ಯ ಕಣ್ಣುಮುಚ್ಚಿದರೂ ಕಾಣುತ್ತದೆ. ‘ಪ್ರಶ್ನಾವಳಿಯನ್ನು ಹತ್ತು ಮಂದಿ ರೋಗಿಗಳ ಮೇಲೆ ಪ್ರಯೋಗಿಸಲಾಯಿತು, ವಿಶ್ವಾಸಾರ್ಹತೆ 0.84 ಬಂದಿದ್ದರಿಂದ ಸಾಧನವು ವಿಶ್ವಾಸಾರ್ಹವೆಂದು ಕಂಡುಬಂದಿತು.’ ಅಂಕೆ ಕೆಲವೊಮ್ಮೆ 0.79 ಇರುತ್ತದೆ, ಕೆಲವೊಮ್ಮೆ 0.91. ವಾಕ್ಯ ಮಾತ್ರ ಬದಲಾಗುವುದಿಲ್ಲ. ಅದಾದ ಮೇಲೆ ನೂರು ರೋಗಿಗಳ ಉತ್ತರ ಬರುತ್ತದೆ, ಅವರಲ್ಲಿ ಬಹುಪಾಲು ಮಂದಿ ಶುಶ್ರೂಷೆಯಿಂದ ‘ತೃಪ್ತ’ ಅಥವಾ ‘ಅತಿ ತೃಪ್ತ’ ಎಂಬ ಕೋಷ್ಟಕ ಬರುತ್ತದೆ, ಪ್ರಬಂಧ ಮುಗಿಯುತ್ತದೆ.

ಈ ಕ್ರಮವನ್ನೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಯಾವುದೋ ಒಂದು ಪ್ರಬಂಧದ ತಪ್ಪು ಹುಡುಕುವುದು ಉದ್ದೇಶವಲ್ಲ. ರೋಗಿಯ ತೃಪ್ತಿಯನ್ನು ಅಳೆಯುವ ಪ್ರಶ್ನಾವಳಿ ನಮ್ಮಲ್ಲಿ ಹೇಗೆ ಹುಟ್ಟುತ್ತದೆ, ಅದರ ಪೈಲಟ್ ಹೇಗೆ ನಡೆಯುತ್ತದೆ, 0.84 ಎಂಬ ಅಂಕೆ ಎಲ್ಲಿಂದ ಬರುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕ್ರಮದಲ್ಲಿ ವಿಶ್ವಾಸಾರ್ಹತೆಯ ಅಂಕೆಯನ್ನು ಮೇಲೇರಿಸುವ ಕಾರಣವೂ ಪ್ರಶ್ನಾವಳಿಯನ್ನು ಕುರುಡಾಗಿಸುವ ಕಾರಣವೂ ಬಹಳ ಸಲ ಒಂದೇ ಆಗಿರುತ್ತದೆ. ಅದು ‘ಎಲ್ಲಾ ಚೆನ್ನಾಗಿದೆ’ ಎಂಬ ಉತ್ತರ.

ಪ್ರಶ್ನಾವಳಿ ಹುಟ್ಟುವ ಬಗೆಯಿಂದ ಶುರುಮಾಡೋಣ. ಸಾಮಾನ್ಯವಾಗಿ ವಿದ್ಯಾರ್ಥಿನಿ ಹಳೆಯ ಪ್ರಬಂಧಗಳನ್ನೂ ಪಠ್ಯಪುಸ್ತಕವನ್ನೂ ಮುಂದಿಟ್ಟುಕೊಂಡು ಇಪ್ಪತ್ತು ಮೂವತ್ತು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಪ್ರತಿ ವಾಕ್ಯದ ಮುಂದೆ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಮನೆ. 1932ರಲ್ಲಿ ರೆನ್ಸಿಸ್ ಲಿಕರ್ಟ್ ಪರಿಚಯಿಸಿದ ಈ ಅಳತೆಗೋಲು ನಮ್ಮಲ್ಲಿ ಎಷ್ಟು ಒಗ್ಗಿಹೋಗಿದೆಯೆಂದರೆ ಬೇರೆ ರೀತಿಯಲ್ಲಿ ಕೇಳಬಹುದು ಎನ್ನುವುದೇ ಮರೆತುಹೋಗಿದೆ. ಆಮೇಲೆ ವಾಕ್ಯಗಳು ಐದಾರು ತಜ್ಞರ ಬಳಿ ಹೋಗುತ್ತವೆ. ಅವರು ಪ್ರತಿಯೊಂದೂ ವಿಷಯಕ್ಕೆ ಎಷ್ಟು ಸಂಬಂಧಿಸಿದೆ ಎಂದು ಗುರುತು ಹಾಕಿಕೊಡುತ್ತಾರೆ. 1986ರಲ್ಲಿ ಮೇರಿ ಲಿನ್ ಬರೆದ ಲೇಖನದ ನಂತರ ಈ ಹಂತಕ್ಕೆ ಒಂದು ಲೆಕ್ಕವೂ ಬಂತು. ನಾಲ್ಕು ಅಂಕಗಳ ಅಳತೆಯಲ್ಲಿ ಮೂರು ಅಥವಾ ನಾಲ್ಕು ಕೊಟ್ಟ ತಜ್ಞರ ಪಾಲು ಎಷ್ಟು ಎಂದು ನೋಡುವುದು; ಐದು ಅಥವಾ ಅದಕ್ಕಿಂತ ಕಡಿಮೆ ತಜ್ಞರಿದ್ದರೆ ಎಲ್ಲರೂ ಒಪ್ಪಿರಬೇಕು.

ಲೆಕ್ಕ ಸರಿಯಾಗಿಯೇ ಇದೆ. ಆದರೆ ತಜ್ಞರೆಲ್ಲರೂ ನರ್ಸಿಂಗ್ ಬೋಧಕರು. ಅವರು ಪಠ್ಯಕ್ರಮದಲ್ಲಿ ಇರುವುದನ್ನು ವಾಕ್ಯಗಳಲ್ಲಿ ಹುಡುಕುತ್ತಾರೆ, ಸಿಕ್ಕಿದರೆ ಒಪ್ಪುತ್ತಾರೆ. ವಾರ್ಡಿನಲ್ಲಿ ಮಲಗಿರುವವರಿಗೆ ಯಾವುದು ಮುಖ್ಯ ಎಂದು ಹೇಳಬಲ್ಲವರು ಆ ಪಟ್ಟಿಯಲ್ಲಿ ಇರುವುದಿಲ್ಲ. ಪಠ್ಯಪುಸ್ತಕದಲ್ಲಿ ವೈಯಕ್ತಿಕ ಸ್ವಚ್ಛತೆ ಶುಶ್ರೂಷೆಯ ದೊಡ್ಡ ಅಧ್ಯಾಯ. ಹಾಗಾಗಿ ‘ಶುಶ್ರೂಷಕಿಯರು ನನ್ನ ದೇಹದ ಸ್ವಚ್ಛತೆಯ ಬಗ್ಗೆ ಗಮನ ಕೊಟ್ಟರು’ ಎಂಬ ವಾಕ್ಯ ಪ್ರಶ್ನಾವಳಿಗೆ ಬಂದೇ ಬರುತ್ತದೆ, ತಜ್ಞರೆಲ್ಲ ನಾಲ್ಕಕ್ಕೆ ನಾಲ್ಕು ಕೊಡುತ್ತಾರೆ. ನಮ್ಮ ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ರೋಗಿಯ ಮೈ ಒರೆಸುವವರು, ಊಟ ಮಾಡಿಸುವವರು, ಬೆಡ್‌ಪ್ಯಾನ್ ಇಡುವವರು, ಗ್ಲುಕೋಸ್ ಬಾಟಲಿ ಖಾಲಿಯಾಗುತ್ತಿದೆಯೆಂದು ಓಡಿಹೋಗಿ ಹೇಳುವವರು ಜೊತೆಗೆ ಬಂದ ಹೆಂಡತಿಯೋ ಮಗಳೋ ತಾಯಿಯೋ ಆಗಿರುತ್ತಾರೆ. ಸಿಸ್ಟರ್ ಮೈ ಒರೆಸಬೇಕೆಂದು ಆ ರೋಗಿ ನಿರೀಕ್ಷಿಸಿಯೇ ಇರುವುದಿಲ್ಲ. ಅಂಥವರು ಈ ವಾಕ್ಯಕ್ಕೆ ಏನು ಉತ್ತರಿಸಬೇಕು? ‘ನನಗೆ ಅನ್ವಯಿಸುವುದಿಲ್ಲ’ ಎಂಬ ಮನೆ ಪ್ರಶ್ನಾವಳಿಯಲ್ಲಿ ಇಲ್ಲ. ಕೇಳುವವಳು ನಡುವಿನ ಮನೆಗೆ, ಅಂದರೆ ‘ಹೇಳಲಾರೆ’ ಎಂಬಲ್ಲಿಗೆ, ಗುರುತು ಹಾಕುತ್ತಾಳೆ. ಅದಕ್ಕೆ ಮೂರು ಅಂಕ. ನಡೆಯದೇ ಇದ್ದ ಕೆಲಸಕ್ಕೆ ಸಾಧಾರಣ ತೃಪ್ತಿ ಎಂದು ದಾಖಲಾಗುತ್ತದೆ.

ಇದಕ್ಕೆ ಹೋಲಿಸಿ ನೋಡಲು ಒಂದು ಒಳ್ಳೆಯ ಸಾಧನವಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಲೋಯಿಸ್ ಥಾಮಸ್, ಎಲೇನ್ ಮೆಕ್‌ಕಾಲ್, ಸೆನ್ಗಾ ಬಾಂಡ್ ಮುಂತಾದವರು 1990ರ ದಶಕದಲ್ಲಿ ರೂಪಿಸಿದ ನ್ಯೂಕ್ಯಾಸಲ್ ಮಾಪಕ. ಅವರು ವಾಕ್ಯಗಳನ್ನು ರೋಗಿಗಳೊಂದಿಗೆ ನಡೆಸಿದ ಸಂದರ್ಶನ ಮತ್ತು ಗುಂಪು ಮಾತುಕತೆಗಳಿಂದ ಆಯ್ದುಕೊಂಡರು. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸ ಮಾಡಿದರು. ಏನು ನಡೆಯಿತು ಎನ್ನುವುದನ್ನೂ ಅದರಿಂದ ತೃಪ್ತಿಯಾಯಿತೇ ಎನ್ನುವುದನ್ನೂ ಬೇರೆ ಬೇರೆ ಕೇಳಿದರು. ಅನುಭವದ ಭಾಗದಲ್ಲಿ 26 ವಾಕ್ಯ, ತೃಪ್ತಿಯ ಭಾಗದಲ್ಲಿ 19. ಅನುಭವದ ವಾಕ್ಯಗಳಲ್ಲಿ ಹೊಗಳಿಕೆಯ ಮಾತುಗಳೂ ಇವೆ, ದೂರಿನ ಮಾತುಗಳೂ ಇವೆ. ತೃಪ್ತಿಯ ಭಾಗದ ಐದು ಮನೆಗಳನ್ನು ಎರಡೂ ಕಡೆಗೆ ಸಮವಾಗಿ ಹಂಚಿಲ್ಲ. ಒಳ್ಳೆಯ ಬದಿಗೇ ಹೆಚ್ಚು ಮೆಟ್ಟಿಲು ಕೊಟ್ಟು, ತಕ್ಕಮಟ್ಟಿಗೆ, ತುಂಬಾ, ಸಂಪೂರ್ಣ ಎಂದು ಬಿಡಿಸಿದ್ದಾರೆ. ಜನ ಹೇಗೂ ಮೇಲ್ತುದಿಯಲ್ಲೇ ಉತ್ತರಿಸುತ್ತಾರೆಂದು ಗೊತ್ತಿದ್ದು, ಆ ತುದಿಯಲ್ಲೇ ವ್ಯತ್ಯಾಸ ಕಾಣುವಂತೆ ಮಾಡಿದ ಏರ್ಪಾಡು ಇದು. ನಮ್ಮ ಪ್ರಶ್ನಾವಳಿಗಳು ಇದರಿಂದ ಕಲಿಯಬೇಕಾದ್ದು ಈ ವಿಷಯಗಳನ್ನೇ.

ಹಾಗೆಂದು ಆ ಮಾಪಕವನ್ನೇ ಕನ್ನಡಕ್ಕೆ ತಂದು ಹಂಚಿದರೆ ಸಾಕು ಎನ್ನಲಾರೆ. ಅದು ರೋಗಿ ತಾನೇ ಓದಿ ತುಂಬುತ್ತಾನೆ ಎಂದು ಭಾವಿಸಿದೆ. ಹಾಸಿಗೆಯ ಪಕ್ಕದ ಕೆಲಸವೆಲ್ಲ ನರ್ಸುಗಳದ್ದು ಎಂದೂ ಭಾವಿಸಿದೆ. ನಮ್ಮ ವಾರ್ಡಿನಲ್ಲಿ ಈ ಎರಡೂ ನಿಲ್ಲುವುದಿಲ್ಲ. ಅನುವಾದ ಮಾಡಿ, ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡೂ ಹೊಂದುತ್ತವೆ ಎಂದು ಪ್ರಮಾಣಪತ್ರ ಪಡೆಯುವ ರೂಢಿಯಿದೆ. ಆದರೆ ಆ ಹೊಂದಾಣಿಕೆ ವಾಕ್ಯಗಳದ್ದು. ವಾಕ್ಯ ಹೇಳುವ ಪರಿಸ್ಥಿತಿ ಈ ವಾರ್ಡಿನಲ್ಲಿ ಇದೆಯೋ ಇಲ್ಲವೋ ಎನ್ನುವುದು ಅದರಿಂದ ತಿಳಿಯುವುದಿಲ್ಲ.

ಅದು ತಿಳಿಯುವುದು ಪೈಲಟ್‌ಗಿಂತ ಮುಂಚಿನ ಒಂದು ಹಂತದಲ್ಲಿ. ನಮ್ಮ ಪ್ರಬಂಧಗಳಲ್ಲಿ ಈ ಹಂತ ಬಹುತೇಕ ಇರುವುದೇ ಇಲ್ಲ. ಐದಾರು ರೋಗಿಗಳ ಪಕ್ಕದಲ್ಲಿ ಕೂತು ಒಂದೊಂದೇ ಪ್ರಶ್ನೆ ಓದಿ, ಉತ್ತರ ಬಂದ ಕೂಡಲೇ ಮುಂದಕ್ಕೆ ಹೋಗದೆ, ಏನನ್ನು ನೆನೆದು ಹಾಗೆ ಹೇಳಿದಿರಿ ಎಂದು ಕೇಳುವುದು. ಸರ್ವೇ ಶಾಸ್ತ್ರದಲ್ಲಿ ಇದಕ್ಕೆ ಕಾಗ್ನಿಟಿವ್ ಸಂದರ್ಶನ ಎನ್ನುತ್ತಾರೆ. ಅಂಥ ಒಂದು ಮಾತುಕತೆ ಹೇಗಿರುತ್ತದೆ ಎಂದು ಒಂದು ವಾಕ್ಯವನ್ನೇ ಹಿಡಿದು ನೋಡಬಹುದು. ವಾಕ್ಯ ಇದು: ‘ಶುಶ್ರೂಷಕಿಯರು ನನ್ನ ನೋವಿನ ಬಗ್ಗೆ ಕಾಳಜಿ ವಹಿಸಿ ಸಕಾಲದಲ್ಲಿ ಔಷಧ ನೀಡಿದರು.’ ಹರ್ನಿಯಾ ಆಪರೇಷನ್ ಆಗಿ ಮೂರು ದಿನ ಆಗಿರುವ, ಧಾರವಾಡದ ಕಡೆಯ ಒಬ್ಬ ಹಿರಿಯರು ಉತ್ತರಿಸುತ್ತಿದ್ದಾರೆ ಎಂದುಕೊಳ್ಳಿ.

‘ಹೌದ್ರೀ, ಕೊಟ್ರು. ಎಲ್ಲಾ ಚಲೋ ನೋಡ್ಕೊಂಡ್ರು.’

‘ಯಾವಾಗಿಂದು ನೆನಪು ಮಾಡ್ಕೊಂಡು ಹೇಳಿದ್ರಿ ಅಜ್ಜಾರ?’

‘ಮುಂಜಾನೆ ಎಂಟಕ್ಕ ಗುಳಿಗಿ ತಂದು ಕೊಡ್ತಾರಲ್ಲ, ಅದು.’

‘ರಾತ್ರಿ ನೋವು ಬಂದಾಗ?’

‘ರಾತ್ರಿ ಭಾಳ ನೋವಿತ್ತು. ನನ್ನ ಮಗ ಎರಡು ಸರ್ತಿ ಹೋಗಿ ಬಂದ. ಪಾಪ, ಆಕಿ ಒಬ್ಬಾಕಿನ ಇದ್ಲು, ಅಷ್ಟು ಮಂದಿಗೆ ಎಲ್ಲಿ ಸಾಲ್ತಾಳ? ನಸುಕಿನ್ಯಾಗ ಬಂದು ಇಂಜೆಕ್ಷನ್ ಮಾಡಿದ್ಲು.’

‘ಹಂಗಾದ್ರ ಸಕಾಲಕ್ಕ ಕೊಟ್ರು ಅಂತ ಬರಕೊಳ್ಲೇನು?’

‘ಬರಕೋವಾ. ಆಕಿದೇನು ತಪ್ಪು?’

ಈ ಒಂದು ಮಾತುಕತೆ ಪ್ರಶ್ನಾವಳಿಯ ಬಗ್ಗೆ ಹಲವು ಸಂಗತಿ ಹೇಳುತ್ತದೆ. ವಾಕ್ಯದಲ್ಲಿ ಕಾಳಜಿ ಮತ್ತು ಸಮಯ ಎಂಬ ಎರಡು ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಯಾವ ಹೊತ್ತಿನ ನೋವು ಎಂದು ಹೇಳಿಲ್ಲವಾದ್ದರಿಂದ ಉತ್ತರಿಸುವವರು ತಮಗೆ ಮೊದಲು ನೆನಪಾದ, ವೇಳಾಪಟ್ಟಿಯ ಪ್ರಕಾರ ತಪ್ಪದೆ ಬರುವ ಬೆಳಗಿನ ಮಾತ್ರೆಯನ್ನು ಆರಿಸಿಕೊಂಡಿದ್ದಾರೆ. ರಾತ್ರಿಯಿಡೀ ನೋವು ತಿಂದದ್ದು ಅವರಿಗೆ ಚೆನ್ನಾಗಿ ನೆನಪಿದೆ. ಆದರೂ ಅಂಕ ಕಡಿಮೆ ಮಾಡಲು ಒಪ್ಪುತ್ತಿಲ್ಲ, ಯಾಕೆಂದರೆ ತಪ್ಪು ಆ ಸಿಸ್ಟರದ್ದಲ್ಲ ಎಂದು ತೀರ್ಮಾನಿಸಿದ್ದಾರೆ.

ಕೊನೆಯ ಸಂಗತಿಯನ್ನು ಬ್ರಿಟನ್ನಿನ ಬ್ರಿಯಾನ್ ವಿಲಿಯಮ್ಸ್, ಜೋಆನ್ ಕಾಯ್ಲ್, ಡೇವಿಡ್ ಹೀಲಿ 1998ರಲ್ಲಿ ಬಹಳ ಸ್ಪಷ್ಟವಾಗಿ ತೋರಿಸಿಕೊಟ್ಟರು. ಮಾನಸಿಕ ಆರೋಗ್ಯ ಸೇವೆ ಪಡೆದವರೊಂದಿಗೆ ವಿವರವಾಗಿ ಮಾತಾಡಿದಾಗ, ಕೆಟ್ಟ ಅನುಭವ ಆದವರೂ ಫಾರ್ಮಿನಲ್ಲಿ ತೃಪ್ತಿ ಎಂದೇ ಬರೆಯುತ್ತಾರೆ ಎಂದು ಕಂಡುಬಂತು. ಜನ ಅಂಕ ಕೊಡುವ ಮುನ್ನ ಮನಸ್ಸಿನಲ್ಲೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಇದನ್ನು ಮಾಡುವುದು ಅವರ ಕರ್ತವ್ಯವಾಗಿತ್ತೇ, ಮಾಡದೇ ಇದ್ದದ್ದಕ್ಕೆ ಅವರನ್ನು ದೂರಬಹುದೇ? ಕರ್ತವ್ಯವಲ್ಲ ಎನಿಸಿದರೆ ಅಥವಾ ದೂರಲು ಮನಸ್ಸು ಬಾರದಿದ್ದರೆ ಅಂಕ ಇಳಿಯುವುದಿಲ್ಲ. ಇಬ್ಬರು ನರ್ಸುಗಳು ಇಡೀ ವಾರ್ಡು ನೋಡಿಕೊಳ್ಳುವುದನ್ನು ಕಣ್ಣಾರೆ ಕಂಡ ನಮ್ಮ ರೋಗಿಗಳು ಕೊಡುವ ಅಂಕದಲ್ಲಿ ಇಂಥ ಕ್ಷಮೆ ಎಷ್ಟು ಬೆರೆತಿದೆ ಎಂದು ಊಹಿಸಿಕೊಳ್ಳಬಹುದು. ರೋಗಿಯ ಈ ಔದಾರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಅದಕ್ಕೇ ಅದನ್ನು ‘ಉತ್ತಮ ಶುಶ್ರೂಷೆ’ ಎಂಬ ಕಾಲಮ್ಮಿಗೆ ಸೇರಿಸುವುದು ಅನ್ಯಾಯ ಎನಿಸುತ್ತದೆ. ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರನ್ನು ಕೊಡಿ ಎಂದು ಕೇಳಲು ಬಳಸಬಹುದಾಗಿದ್ದ ಸಾಕ್ಷ್ಯ ಅಲ್ಲೇ ಅಳಿಸಿಹೋಗುತ್ತದೆ. ಇದರಿಂದ ನಷ್ಟ ರೋಗಿಗೂ ಆಯಿತು, ಆ ಸಿಸ್ಟರಿಗೂ ಆಯಿತು.

ಈ ವಾಕ್ಯವನ್ನು ಹೇಗೆ ತಿದ್ದಬಹುದು? ನಡೆದ ಸಂಗತಿಯನ್ನು ಕೇಳಬೇಕು, ಹೊತ್ತು ಹೇಳಬೇಕು, ಒಂದು ಸಲಕ್ಕೆ ಒಂದನ್ನೇ ಕೇಳಬೇಕು. ‘ಆಪರೇಷನ್ ಆದ ಮೇಲೆ ರಾತ್ರಿ ಹೊತ್ತು ನೋವು ಅಂತ ಸಿಸ್ಟರಿಗೆ ಹೇಳಿ ಕಳಿಸಿದ್ರಾ?’ ಹೌದೆಂದರೆ, ‘ಅವರು ಬಂದು ನೋಡೋಕೆ ಎಷ್ಟು ಹೊತ್ತಾಯ್ತು?’ ಕೂಡಲೇ, ಅರ್ಧ ಗಂಟೆಯೊಳಗೆ, ಅದಕ್ಕೂ ತಡವಾಗಿ, ಬರಲೇ ಇಲ್ಲ ಎಂದು ನಾಲ್ಕು ಮನೆ. ಹೇಳಿ ಕಳಿಸಲೇ ಇಲ್ಲ ಎಂದರೆ ಆ ಪ್ರಶ್ನೆ ಅವರಿಗೆ ಅನ್ವಯಿಸುವುದಿಲ್ಲ, ಅಂಕದ ಲೆಕ್ಕಕ್ಕೂ ಬರುವುದಿಲ್ಲ. ತೃಪ್ತಿಯನ್ನು ಬೇಕಾದರೆ ಇದರ ಮೇಲೆ ಬೇರೆಯಾಗಿ ಕೇಳಬಹುದು. ಅದನ್ನೂ ಐದು ಮನೆಗಳನ್ನು ಒಂದೇ ಉಸಿರಿಗೆ ಓದಿ ಕೇಳುವುದಕ್ಕಿಂತ ಎರಡು ಹೆಜ್ಜೆಯಲ್ಲಿ ಕೇಳುವುದು ಒಳ್ಳೆಯದು. ಮೊದಲು ಸಮಾಧಾನ ಆಯ್ತೋ ಇಲ್ಲವೋ, ಆಮೇಲೆ ಸ್ವಲ್ಪವೋ ತುಂಬಾನೋ. ಓದಿ ಹೇಳಿದ್ದನ್ನು ಕೇಳಿ ಉತ್ತರಿಸುವವರಿಗೆ ಐದು ಮನೆ ನೆನಪಿನಲ್ಲಿ ಉಳಿಯುವುದಿಲ್ಲ. ಅವರು ಮೊದಲನೆಯದನ್ನೋ ಕೊನೆಯದನ್ನೋ ಹೇಳಿಬಿಡುತ್ತಾರೆ.

ಇನ್ನು 0.84ಕ್ಕೆ ಬರೋಣ. ವಿಶ್ವಾಸಾರ್ಹತೆ ಲೆಕ್ಕ ಹಾಕಲು ನಮ್ಮಲ್ಲಿ ಎರಡು ದಾರಿ ಹೆಚ್ಚು ಬಳಕೆಯಲ್ಲಿವೆ. ಒಂದು, ಬೆಸ ಸಂಖ್ಯೆಯ ವಾಕ್ಯಗಳನ್ನು ಒಂದು ಗುಂಪು, ಸಮ ಸಂಖ್ಯೆಯವನ್ನು ಇನ್ನೊಂದು ಗುಂಪು ಮಾಡಿ, ಎರಡರ ಅಂಕಗಳ ಸಹಸಂಬಂಧ ನೋಡಿ, ಸ್ಪಿಯರ್‌ಮನ್–ಬ್ರೌನ್ ಸೂತ್ರದಿಂದ ಸರಿಪಡಿಸುವ ಸ್ಪ್ಲಿಟ್ ಹಾಫ್ ವಿಧಾನ. ಇನ್ನೊಂದು, ಲೀ ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ. ಎರಡೂ ಅಳೆಯುವುದು ಒಂದನ್ನೇ: ವಾಕ್ಯಗಳಿಗೆ ಬಂದ ಉತ್ತರಗಳು ಒಂದರ ಜೊತೆ ಒಂದು ಎಷ್ಟು ಸೇರಿ ಏರಿಳಿಯುತ್ತವೆ ಎಂಬುದನ್ನು. ಆಲ್ಫಾದ ಸೂತ್ರ ಹೀಗಿದೆ.

```
α = k / (k − 1) × (1 − Σv / V)
```

k ಎಂದರೆ ವಾಕ್ಯಗಳ ಸಂಖ್ಯೆ. ಒಂದೊಂದು ವಾಕ್ಯದ ಅಂಕಗಳಲ್ಲಿರುವ ವೇರಿಯನ್ಸನ್ನು ಕೂಡಿಸಿದರೆ Σv, ಒಟ್ಟು ಅಂಕಗಳ ವೇರಿಯನ್ಸ್ V.

ಈಗ ಒಂದು ಪೈಲಟ್ ಕಲ್ಪಿಸಿಕೊಳ್ಳಿ. ಇಪ್ಪತ್ತು ವಾಕ್ಯ, ಹತ್ತು ರೋಗಿಗಳು. ಎಂಟು ಮಂದಿ ಒಂದೊಂದು ವಾಕ್ಯವನ್ನು ಓದಿದಾಗಲೂ ‘ಒಪ್ಪುತ್ತೇನೆ’ ಎಂದರು, ಇಪ್ಪತ್ತಕ್ಕೂ ನಾಲ್ಕು ಅಂಕ. ಉಳಿದಿಬ್ಬರು ಇನ್ನೂ ಉದಾರಿಗಳು, ಇಪ್ಪತ್ತಕ್ಕೂ ಐದು. ಯಾರೂ ಪ್ರಶ್ನೆ ಕೇಳಿಸಿಕೊಂಡು ಯೋಚಿಸಿಲ್ಲ. ಲೆಕ್ಕ ಹಾಕಿದರೆ ಪ್ರತಿ ವಾಕ್ಯದ ವೇರಿಯನ್ಸ್ ಒಂದೇ, ಅದನ್ನು v ಎನ್ನೋಣ. ಇಪ್ಪತ್ತನ್ನೂ ಕೂಡಿದರೆ 20v. ಒಟ್ಟು ಅಂಕವೆಂದರೆ ಒಂದು ವಾಕ್ಯದ ಅಂಕದ ಇಪ್ಪತ್ತು ಪಟ್ಟು, ಹಾಗಾಗಿ ಅದರ ವೇರಿಯನ್ಸ್ 400v. ಅನುಪಾತ ಇಪ್ಪತ್ತರಲ್ಲಿ ಒಂದು. ಸೂತ್ರಕ್ಕೆ ಹಾಕಿದರೆ 20/19 × 19/20, ಅಂದರೆ ಸರಿಯಾಗಿ 1.00. ವಿಶ್ವಾಸಾರ್ಹತೆ ಪರಿಪೂರ್ಣ. ಈ ಪ್ರಶ್ನಾವಳಿ ನೋವಿನ ಬಗ್ಗೆಯಾಗಲೀ ರಾತ್ರಿ ಪಾಳಿಯ ಬಗ್ಗೆಯಾಗಲೀ ಔಷಧದ ಬಗ್ಗೆ ಕೊಟ್ಟ ವಿವರಣೆಯ ಬಗ್ಗೆಯಾಗಲೀ ಒಂದಕ್ಷರ ತಿಳಿಸಿಲ್ಲ.

ನಿಜವಾದ ಪೈಲಟ್‌ನಲ್ಲಿ ಹೀಗೆ ಪೂರ್ತಿ ಒಂದೇ ಥರ ಬರುವುದಿಲ್ಲ, ಆದರೆ ಆ ದಿಕ್ಕಿಗೇ ವಾಲಿರುತ್ತದೆ. ಕೇಳುತ್ತಿರುವವಳು ಯೂನಿಫಾರ್ಮ್ ತೊಟ್ಟ ನರ್ಸಿಂಗ್ ವಿದ್ಯಾರ್ಥಿನಿ. ಕೇಳುತ್ತಿರುವುದು ನರ್ಸುಗಳ ಬಗ್ಗೆ. ನಾಲ್ಕು ಹೆಜ್ಜೆ ದೂರದ ಮೇಜಿನ ಬಳಿ ವಾರ್ಡ್ ಸಿಸ್ಟರ್ ಕೂತಿದ್ದಾರೆ, ಹೊಲಿಗೆ ಬಿಚ್ಚುವುದು ಇನ್ನೂ ಬಾಕಿಯಿದೆ. ಇಂಥ ಹೊತ್ತಿನಲ್ಲಿ ವಾಕ್ಯ ಯಾವುದೇ ಇರಲಿ, ಉತ್ತರವನ್ನು ತೀರ್ಮಾನಿಸುವುದು ಆ ಸನ್ನಿವೇಶ. ಒಂದೇ ಸನ್ನಿವೇಶ ಇಪ್ಪತ್ತು ಉತ್ತರಗಳನ್ನೂ ತೀರ್ಮಾನಿಸಿದರೆ ಇಪ್ಪತ್ತೂ ಒಟ್ಟಿಗೆ ಏರಿಳಿಯುತ್ತವೆ, ಆಲ್ಫಾ ಏರುತ್ತದೆ. ಆದ್ದರಿಂದ ಹೆಚ್ಚಿನ ಆಲ್ಫಾ ಬಂದಾಗ ಸಂತೋಷಪಡುವ ಮುನ್ನ ನೋಡಬೇಕಾದ್ದು ಉತ್ತರಪತ್ರಿಕೆಗಳನ್ನೇ. ಎಷ್ಟು ಮಂದಿ ಎಲ್ಲ ವಾಕ್ಯಗಳಿಗೂ ಒಂದೇ ಮನೆಗೆ ಗುರುತು ಹಾಕಿಸಿದ್ದಾರೆ? ಯಾವ ಯಾವ ವಾಕ್ಯಗಳಿಗೆ ಬಹುತೇಕ ಎಲ್ಲರೂ ನಾಲ್ಕು ಅಥವಾ ಐದನ್ನೇ ಕೊಟ್ಟಿದ್ದಾರೆ? ಈ ಎಣಿಕೆಗೆ ಸಾಫ್ಟ್‌ವೇರ್ ಬೇಡ, ಹಾಳೆಗಳನ್ನು ಮೇಜಿನ ಮೇಲೆ ಹರಡಿದರೆ ಸಾಕು. ಆದರೂ ಪ್ರಬಂಧಗಳಲ್ಲಿ ಇದು ಕಾಣುವುದು ಅಪರೂಪ.

ಸನ್ನಿವೇಶದ ಪ್ರಭಾವವನ್ನು ಹಿಡಿಯಲು ಒಂದು ಹಳೆಯ ಉಪಾಯವಿದೆ: ಕೆಲವು ವಾಕ್ಯಗಳನ್ನು ತಿರುವಿ ಬರೆಯುವುದು. ‘ರಾತ್ರಿ ಕರೆದಾಗ ಯಾರೂ ಬರುತ್ತಿರಲಿಲ್ಲ’ ಎಂಬುದಕ್ಕೂ ‘ಹೌದು’, ‘ಕರೆದ ಕೂಡಲೇ ಬರುತ್ತಿದ್ದರು’ ಎಂಬುದಕ್ಕೂ ‘ಹೌದು’ ಎಂದವರ ಉತ್ತರ ನಂಬಲಾಗದು ಎಂದು ಗೊತ್ತಾಗುತ್ತದೆ. ನಮ್ಮ ಕೆಲವು ಪ್ರಶ್ನಾವಳಿಗಳಲ್ಲಿ ಇಂಥ ವಾಕ್ಯಗಳು ಇರುತ್ತವೆ, ಅದು ಒಳ್ಳೆಯದೇ. ಆಮೇಲೆ ಆಗುವುದೇ ಚಿಂತೆಯ ವಿಷಯ. ತಿರುವಿದ ವಾಕ್ಯಗಳ ಅಂಕ ಉಳಿದವುಗಳ ಜೊತೆ ಹೊಂದುವುದಿಲ್ಲ, ಆಲ್ಫಾ 0.61ಕ್ಕೋ 0.65ಕ್ಕೋ ಇಳಿಯುತ್ತದೆ. 0.70 ದಾಟಬೇಕೆಂಬ ರೂಢಿಯ ಗೆರೆ ಇದೆ. ಸಾಫ್ಟ್‌ವೇರಿನಲ್ಲಿ ಯಾವ ವಾಕ್ಯ ತೆಗೆದರೆ ಆಲ್ಫಾ ಎಷ್ಟಾಗುತ್ತದೆ ಎಂದು ತೋರಿಸುವ ಕೋಷ್ಟಕ ಸಿದ್ಧವಾಗಿರುತ್ತದೆ. ಅದನ್ನು ನೋಡಿ ತಿರುವಿದ ನಾಲ್ಕು ವಾಕ್ಯಗಳನ್ನು ತೆಗೆದುಹಾಕುತ್ತಾರೆ, ಅಂಕೆ 0.84ಕ್ಕೆ ಏರುತ್ತದೆ. ರೋಗಿಗಳು ಕೇಳಿಸಿಕೊಳ್ಳದೆ ಒಪ್ಪುತ್ತಿದ್ದಾರೆ ಎಂದು ಹೇಳಬಲ್ಲ ಸಾಕ್ಷಿಗಳು ಆ ನಾಲ್ಕೇ ಆಗಿದ್ದವು.

ತಿರುವಿದ ವಾಕ್ಯಗಳಿಗೂ ತಮ್ಮದೇ ತೊಡಕು ಇದೆಯೆಂದು ಒಪ್ಪುತ್ತೇನೆ. ‘ಯಾರೂ ಬರುತ್ತಿರಲಿಲ್ಲ’ ಎಂದು ಓದಿದಾಗ ರೋಗಿ ‘ಇಲ್ಲ’ ಎಂದರೆ, ಬರುತ್ತಿರಲಿಲ್ಲ ಎಂಬುದನ್ನು ಒಪ್ಪಿದರೋ ಅಲ್ಲಗಳೆದರೋ ತಿಳಿಯದು. ಅದಕ್ಕೇ ನಿಷೇಧದ ವಾಕ್ಯಕ್ಕಿಂತ ದೂರಿನ ವಾಕ್ಯ ಮೇಲು: ‘ಸಿಸ್ಟರನ್ನು ಕರೆಯೋಕೆ ಮನೆಯವರು ಮತ್ತೆ ಮತ್ತೆ ಓಡಾಡಬೇಕಾಯ್ತು.’ ತೊಡಕು ವಾಕ್ಯದ್ದೋ ಒಪ್ಪಿಬಿಡುವ ಅಭ್ಯಾಸದ್ದೋ ಎಂದು ತಿಳಿಯಬೇಕಾದರೆ ಮತ್ತೆ ಆ ಐದಾರು ರೋಗಿಗಳ ಪಕ್ಕದಲ್ಲಿ ಕೂರಬೇಕು. ಕೋಷ್ಟಕ ನೋಡಿ ತೆಗೆದುಹಾಕುವುದರಿಂದ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕ್ರಾನ್‌ಬಾಕ್ ಕೂಡ ತಮ್ಮ ಕೊನೆಯ ವರ್ಷಗಳಲ್ಲಿ, ವಿಶ್ವಾಸಾರ್ಹತೆಯನ್ನು ಪರೀಕ್ಷಿಸಲು ಆಲ್ಫಾವೇ ಅತ್ಯಂತ ಸೂಕ್ತ ದಾರಿಯೆಂದು ತಾವು ಇನ್ನು ನಂಬುವುದಿಲ್ಲವೆಂದು ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ, 2004ರಲ್ಲಿ, ಆ ಲೇಖನ ಪ್ರಕಟವಾಯಿತು.

ಹತ್ತು ರೋಗಿಗಳು ಎಂಬ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಮುಖ್ಯ ಅಧ್ಯಯನದ ಹತ್ತನೇ ಒಂದು ಭಾಗ ಪೈಲಟ್‌ಗೆ ಸಾಕು ಎನ್ನುವುದು ಕಾಲೇಜಿನಿಂದ ಕಾಲೇಜಿಗೆ ಹರಿದುಬಂದ ರೂಢಿ. ಪ್ರಶ್ನೆ ಅರ್ಥವಾಗುತ್ತದೆಯೇ, ಎಷ್ಟು ನಿಮಿಷ ಹಿಡಿಯುತ್ತದೆ ಎಂದು ನೋಡಲು ಹತ್ತು ಮಂದಿ ಸಾಕು. ವಿಶ್ವಾಸಾರ್ಹತೆಯ ಅಂಕೆಗೆ ಸಾಲದು. ಇಪ್ಪತ್ತು ವಾಕ್ಯದ ಪ್ರಶ್ನಾವಳಿಗೆ ಹತ್ತು ಮಂದಿಯಿಂದ 0.84 ಬಂದರೆ, ಅದರ ಶೇಕಡಾ 95 ವಿಶ್ವಾಸದ ವ್ಯಾಪ್ತಿ ಸುಮಾರು 0.65ರಿಂದ 0.95ರವರೆಗೆ ಹರಡುತ್ತದೆ. ಅಂದರೆ ರೂಢಿಯ ಗೆರೆಯ ಕೆಳಗೂ ಇರಬಹುದು, ಬಹಳ ಮೇಲೂ ಇರಬಹುದು. ಮೂವತ್ತು ಮಂದಿಯಿಂದ ಅದೇ ಅಂಕೆ ಬಂದರೆ ವ್ಯಾಪ್ತಿ ಸುಮಾರು 0.74ರಿಂದ 0.91. ಆಗ ಗೆರೆ ದಾಟಿದೆ ಎನ್ನಲು ಒಂದಿಷ್ಟು ಆಧಾರ ಸಿಗುತ್ತದೆ. ಪ್ರಬಂಧದಲ್ಲಿ ಆಲ್ಫಾದ ಪಕ್ಕದಲ್ಲಿ ಈ ವ್ಯಾಪ್ತಿಯನ್ನು ಬರೆಯುವ ಒಂದೇ ನಿಯಮ ಬಂದರೂ, ಹತ್ತು ಮಂದಿಯ ಪೈಲಟ್ ತಾನಾಗಿಯೇ ನಿಂತುಹೋಗುತ್ತದೆ ಎಂದು ನನ್ನ ನಂಬಿಕೆ.

ಇಷ್ಟೆಲ್ಲ ಒಂದೇ ಸಲ ಕೇಳಿದ ಉತ್ತರಗಳ ಮಾತಾಯಿತು. ತೃಪ್ತಿಯ ಪ್ರಶ್ನಾವಳಿಗೆ ಹೆಚ್ಚು ಕಠಿಣವಾದ ಪರೀಕ್ಷೆ ಎರಡನೆಯ ಸಲ ಕೇಳುವುದು. ರೋಗಿ ಇನ್ನೂ ವಾರ್ಡಿನಲ್ಲಿ ಇದ್ದಾಗಲೇ ಎರಡು ದಿನ ಬಿಟ್ಟು ಕೇಳಿದರೆ ನಡುವೆ ಶುಶ್ರೂಷೆಯೇ ಬದಲಾಗಿರುತ್ತದೆ, ಹಿಂದಿನ ಉತ್ತರವೂ ನೆನಪಿರುತ್ತದೆ. ಡಿಸ್ಚಾರ್ಜ್ ದಿನ ಒಮ್ಮೆ, ಹತ್ತು ಹದಿನೈದು ದಿನಗಳ ಮೇಲೆ ಹೊರರೋಗಿ ವಿಭಾಗಕ್ಕೆ ತೋರಿಸಿಕೊಳ್ಳಲು ಬಂದಾಗಲೋ ಫೋನಿನಲ್ಲೋ ಇನ್ನೊಮ್ಮೆ ಕೇಳುವುದು ಹೆಚ್ಚು ಸರಿ. ಆಸ್ಪತ್ರೆಯ ಶುಶ್ರೂಷೆ ಡಿಸ್ಚಾರ್ಜ್‌ಗೆ ಮುಗಿದಿರುವುದರಿಂದ ಅದರ ಬಗೆಗಿನ ಉತ್ತರ ಹೆಚ್ಚು ಬದಲಾಗಬಾರದು. ಬದಲಾದರೆ, ಮೊದಲನೆಯ ಉತ್ತರದಲ್ಲಿ ಸನ್ನಿವೇಶದ ಪಾಲು ಎಷ್ಟಿತ್ತು ಎಂಬ ಸುಳಿವು ಸಿಗುತ್ತದೆ.

ಇಲ್ಲೂ ತಪ್ಪು ಲೆಕ್ಕ ಆ ಸುಳಿವನ್ನು ಮುಚ್ಚಿಬಿಡಬಲ್ಲದು. ಲೆಕ್ಕ ಕಾಣಲೆಂದು ಐದೇ ರೋಗಿಗಳ ಕಲ್ಪಿತ ಅಂಕಗಳನ್ನು ಇಟ್ಟುಕೊಳ್ಳೋಣ. ನೂರಕ್ಕೆ ಲೆಕ್ಕ ಹಾಕಿದರೆ ವಾರ್ಡಿನಲ್ಲಿ ಅವರು ಕೊಟ್ಟದ್ದು 82, 88, 90, 94, 96. ಮನೆಗೆ ಹೋದ ಮೇಲೆ ಅದೇ ಕ್ರಮದಲ್ಲಿ 70, 77, 78, 82, 83. ಪ್ರತಿಯೊಬ್ಬರೂ ಹನ್ನೊಂದರಿಂದ ಹದಿಮೂರು ಅಂಕ ಕೆಳಗಿಳಿದಿದ್ದಾರೆ. ನಮ್ಮಲ್ಲಿ ರೂಢಿಯಲ್ಲಿರುವ ಕಾರ್ಲ್ ಪಿಯರ್ಸನ್ ಸಹಸಂಬಂಧ ಹಾಕಿದರೆ 0.99 ಬರುತ್ತದೆ. ಯಾಕೆಂದರೆ ಅದು ನೋಡುವುದು ಯಾರು ಯಾರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದನ್ನು ಮಾತ್ರ. ಎಲ್ಲರೂ ಒಟ್ಟಾಗಿ ಇಳಿದದ್ದು ಅದಕ್ಕೆ ಕಾಣುವುದಿಲ್ಲ. ಎರಡು ಸಲದ ಅಂಕಗಳು ನಿಜವಾಗಿ ಒಂದೇ ಆಗಿವೆಯೇ ಎಂದು ನೋಡುವ, ಸಂಪೂರ್ಣ ಸಮ್ಮತಿಯನ್ನು ಅಳೆಯುವ ಇಂಟ್ರಾಕ್ಲಾಸ್ ಸಹಸಂಬಂಧ ಹಾಕಿದರೆ ಅದೇ ಅಂಕಗಳಿಗೆ ಸಿಗುವುದು ಸುಮಾರು 0.28. ಒಂದೇ ಹಾಳೆಯ ಅಂಕಗಳು ಒಂದು ಲೆಕ್ಕದಲ್ಲಿ ಪರಿಪೂರ್ಣ, ಇನ್ನೊಂದರಲ್ಲಿ ಕಳಪೆ. ಮನೆಯಲ್ಲಿ ಕೇಳಿದ ಅಂಕವೇ ಸತ್ಯ ಎಂದು ನಾನು ಹೇಳುತ್ತಿಲ್ಲ. ಮನೆಗೆ ಹೋದವರಿಗೆ ಆಸ್ಪತ್ರೆಯ ಕಷ್ಟ ದೊಡ್ಡದಾಗಿಯೂ ಕಾಣಬಹುದು, ಮರೆತೂ ಹೋಗಬಹುದು. ಆದರೆ ಹನ್ನೆರಡು ಅಂಕದ ಇಳಿತ ಅಧ್ಯಯನದ ಬಹು ಮುಖ್ಯ ಫಲಿತಾಂಶ. ಅದನ್ನು 0.99ರ ಹಿಂದೆ ಬಚ್ಚಿಡುವ ವಿಧಾನವನ್ನು ವಿಶ್ವಾಸಾರ್ಹತೆಯ ಪರೀಕ್ಷೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಓದಿ ಕೇಳುವ ಪ್ರಶ್ನಾವಳಿಯಾದ್ದರಿಂದ ಕೇಳುವವರು ಯಾರು ಎಂಬುದೂ ಸಾಧನದ ಭಾಗವೇ. ಪೈಲಟ್‌ನ ರೋಗಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲನ್ನು ಯೂನಿಫಾರ್ಮ್ ತೊಟ್ಟ ವಿದ್ಯಾರ್ಥಿನಿಯೂ ಇನ್ನೊಂದನ್ನು ಆಸ್ಪತ್ರೆಗೆ ಸಂಬಂಧವಿಲ್ಲದ, ಮಾಮೂಲಿ ಬಟ್ಟೆಯಲ್ಲಿ ಬಂದ ಸಮಾಜಕಾರ್ಯ ವಿದ್ಯಾರ್ಥಿಯೂ ಮಾತಾಡಿಸಿದರೆ ವ್ಯತ್ಯಾಸ ಎಷ್ಟೆಂದು ಅಂದಾಜಾದರೂ ಸಿಗುತ್ತದೆ. ಉತ್ತರ ಕೊಟ್ಟವರು ರೋಗಿಯೋ ಜೊತೆಗಿದ್ದವರೋ ಎಂದು ಪ್ರತಿ ಹಾಳೆಯ ಮೇಲೆ ಬರೆಯಲು ಒಂದು ಮನೆ ಇರಬೇಕು. ಗಂಡನ ಬಗ್ಗೆ ಕೇಳಿದ್ದಕ್ಕೆ ಹೆಂಡತಿ, ಅತ್ತೆಯ ಬಗ್ಗೆ ಕೇಳಿದ್ದಕ್ಕೆ ಸೊಸೆ ಉತ್ತರಿಸುವುದು ನಮ್ಮ ವಾರ್ಡುಗಳಲ್ಲಿ ಸಾಮಾನ್ಯ. ಹಾಸಿಗೆಯ ಪಕ್ಕದ ಕೆಲಸ ಮಾಡಿದವರು ಅವರೇ ಆದ್ದರಿಂದ ಅವರ ಉತ್ತರಕ್ಕೂ ಬೆಲೆಯಿದೆ, ಆದರೆ ಅದು ಬೇರೆ ಉತ್ತರ.

ಎರಡು ವರ್ಷದ ಕೋರ್ಸಿನಲ್ಲಿ ಕ್ಲಾಸು, ಕ್ಲಿನಿಕಲ್ ಪೋಸ್ಟಿಂಗ್, ಪರೀಕ್ಷೆಗಳ ನಡುವೆ ಪ್ರಬಂಧ ಮುಗಿಸಬೇಕಾದ ವಿದ್ಯಾರ್ಥಿನಿಗೆ ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ ಎಂದು ಗೈಡ್‌ಗಳು ಕೇಳುವುದು ನ್ಯಾಯವಾಗಿಯೇ ಇದೆ. ಸಮಯ ಸಿಗುವುದು ಮುಖ್ಯ ಅಧ್ಯಯನದ ನೂರು ರೋಗಿಗಳಿಂದ. ಪ್ರಶ್ನಾವಳಿಯೇ ಗಟ್ಟಿಯಾಗಿಲ್ಲದಾಗ ನೂರರ ಬದಲು ಇನ್ನೂರು ಮಂದಿಯನ್ನು ಕೇಳಿದರೂ ಹೆಚ್ಚು ತಿಳಿಯುವುದಿಲ್ಲ. ಹೊಸ ಪ್ರಶ್ನಾವಳಿ ಕಟ್ಟುವ ಪ್ರಬಂಧವಾದರೆ ಅದನ್ನೇ ಅಧ್ಯಯನವೆಂದು ಒಪ್ಪಬೇಕು: ಆರು ಮಂದಿಯ ಪಕ್ಕದಲ್ಲಿ ಕೂತು ನಡೆಸಿದ ಮಾತುಕತೆ, ತಿದ್ದಿದ ವಾಕ್ಯಗಳ ಹಳೆಯ ಮತ್ತು ಹೊಸ ರೂಪ, ಮೂವತ್ತು ಮಂದಿಯ ಪೈಲಟ್, ಅವರಲ್ಲಿ ಸಿಕ್ಕಷ್ಟು ಜನರನ್ನು ಹದಿನೈದು ದಿನದ ಮೇಲೆ ಮತ್ತೆ ಕೇಳಿದ ಅಂಕಗಳು. ಮತ್ತೆ ಕೇಳಲು ಹೋದಾಗ ಹಲವರು ಸಿಗುವುದಿಲ್ಲ. ಕೊಟ್ಟ ಫೋನ್ ನಂಬರು ಮಗನದ್ದಾಗಿರುತ್ತದೆ, ಮಗ ಬೆಂಗಳೂರಿನಲ್ಲಿ ಇರುತ್ತಾನೆ. ಹಾಗೆ ಸಿಗದೇ ಹೋದವರು ವಾರ್ಡಿನಲ್ಲಿ ಕೊಟ್ಟಿದ್ದ ಅಂಕಗಳು ಸಿಕ್ಕವರ ಅಂಕಗಳಿಗಿಂತ ಬೇರೆಯಾಗಿದ್ದವೇ ಎಂದು ನೋಡಿ, ಅದನ್ನೂ ಕೋಷ್ಟಕದ ಕೆಳಗೆ ಬರೆಯಬೇಕು.